ಒಂದು ಸಂಜೆಯ ತೂಕ, ಮುನ್ನೂರು ಕ್ಯಾಲೊರಿಯ ಕತ್ತರಿ

ನಿನ್ನೆ ಸಂಜೆ ತಂಗಿಯ ಜೊತೆ ಅವಳ ಜಿಮ್‌ಗೆ ಹೋಗಿದ್ದೆ. ಹೋಗಬಾರದಿತ್ತು. ಬೇರೆಯವರ ಲೆಕ್ಕದ ಪುಸ್ತಕ ಕಂಡರೆ ನನ್ನ ಕಣ್ಣು ತಾನಾಗಿ ಮೊತ್ತದ ಸಾಲಿಗೆ ಹೋಗುತ್ತದೆ ಎನ್ನುವುದು ನಿಮಗೆಲ್ಲ ಗೊತ್ತೇ ಇದೆ. ಹದಿನೆಂಟು ವರ್ಷ ತಾಳೆ ಪಟ್ಟಿ ನೋಡಿದವಳ ರೋಗ ಅದು.

ತಿಂಗಳ ಪರಿಶೀಲನೆಯ ದಿನವಂತೆ. ತರಬೇತುದಾರ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ. 75.1. ಕಾರ್ಡ್‌ನಲ್ಲಿ ಹೋದ ತಿಂಗಳ ತೂಕ 74.3. "ಎಂಟುನೂರು ಗ್ರಾಂ ಏರಿದೆ ಮೇಡಂ. ದಿನಕ್ಕೆ 1500 ಕ್ಯಾಲೊರಿ ನಿಮಗೆ ಹೆಚ್ಚಾಯಿತು, 1200 ಮಾಡೋಣ" ಎಂದು ಹೊಸ ಹಾಳೆ ಬರೆದುಕೊಟ್ಟ. ಎಲ್ಲ ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ನಮ್ಮ ಕಚೇರಿಯಲ್ಲಿ ಒಂದು ಚಹಾದ ಬಿಲ್ ಪಾಸಾಗಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಹೋದ ತಿಂಗಳು ತೂಕ ನೋಡಿದ್ದು ಬೆಳಗಿನ ಖಾಲಿ ಹೊಟ್ಟೆಯಲ್ಲಿ. ನಿನ್ನೆ ನೋಡಿದ್ದು ಸಂಜೆ ಆರೂವರೆಗೆ, ಎರಡು ಲೋಟ ಕಾಫಿ ಕುಡಿದ ಮೇಲೆ, ಅದೂ ಮದುವೆ ಊಟದ ಮರುದಿನ. ಪುಳಿಯೋಗರೆ, ಹಪ್ಪಳ, ಉಪ್ಪಿನಕಾಯಿ ಎಂದರೆ ಉಪ್ಪು, ಉಪ್ಪು ಎಂದರೆ ಮೈಯಲ್ಲಿ ನಿಲ್ಲುವ ನೀರು. ಅನ್ನ ಹೆಚ್ಚು ಉಂಡರೂ ಅಷ್ಟೇ: ಅನ್ನದ ಸಕ್ಕರೆಯನ್ನು ದೇಹ ಗ್ಲೈಕೋಜನ್ ಆಗಿ ಕೂಡಿಡುತ್ತದೆ, ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ. ಎಂಟುನೂರು ಗ್ರಾಂ ಕೊಬ್ಬೇ ಏರಬೇಕಿದ್ದರೆ ಅವಳು ಖರ್ಚಿಗಿಂತ ಸುಮಾರು ಆರು ಸಾವಿರ ಕ್ಯಾಲೊರಿ ಹೆಚ್ಚು ತಿಂದಿರಬೇಕು. ಒಂದು ಕಿಲೋ ಕೊಬ್ಬಿಗೆ 7700 ಎನ್ನುವುದು ಜಿಮ್‌ನವರದೇ ಲೆಕ್ಕ, ನನ್ನದಲ್ಲ.

ಅಲ್ಲಿ ಬಾಯಿ ಬಿಡಲಿಲ್ಲ. ತಂಗಿ ಕಣ್ಣಿನಲ್ಲೇ ಬೇಡ ಎಂದಳು. ಮನೆಗೆ ಬಂದವಳೇ, ತೂಕ, ಊಟ ಬರೆದಿಡುವ ಆ್ಯಪ್ ನೋಡಲು ಅವಳ ಮೊಬೈಲ್ ಕಸಿದುಕೊಂಡೆ.

ಪುಣ್ಯಕ್ಕೆ ಅವಳು ಮನೆಯಲ್ಲಿ ದಿನಾ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಕ ಬರೆದಿಟ್ಟಿದ್ದಳು, ಅದೇ ಯಂತ್ರ, ಅದೇ ನೆಲದ ಮೇಲೆ. ಒಂದೊಂದು ದಿನದ ಅಂಕಿ ನೋಡಿದರೆ ಹುಚ್ಚು ಹಿಡಿಯುತ್ತದೆ: 73.4, 74.2, 73.6. ಏಳು ದಿನ ಕೂಡಿಸಿ ಏಳರಿಂದ ಭಾಗಿಸಿದರೆ ಹುಚ್ಚು ಇಳಿಯುತ್ತದೆ. ಈ ನಾಲ್ಕು ವಾರಗಳ ಕೊನೆಯ ವಾರದ ಸರಾಸರಿ 73.8. ಅದರ ಹಿಂದಿನ ನಾಲ್ಕು ವಾರಗಳ ಕೊನೆಯ ವಾರದ ಸರಾಸರಿ 74.5. ಏರಿಲ್ಲ ಸ್ವಾಮಿ, ಏಳುನೂರು ಗ್ರಾಂ ಇಳಿದಿದೆ!

ಕೊನೆಯ ವಾರಕ್ಕೆ ಕೊನೆಯ ವಾರವನ್ನೇ ಏಕೆ ಹೋಲಿಸಿದೆ ಎಂದು ಗಂಡಸರು ಕೇಳಬಹುದು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಎಷ್ಟೋ ಹೆಂಗಸರ ತೂಕ ಒಂದು ಕಿಲೋವರೆಗೂ ಏರಿ ಮತ್ತೆ ತಾನಾಗಿ ಇಳಿಯುತ್ತದೆ. ಆ ವಾರವನ್ನು ಮುಟ್ಟು ಮುಗಿದ ವಾರದ ಜೊತೆ ಹೋಲಿಸಿದರೆ ಎರಡು ಬೇರೆ ಖಾತೆಗಳನ್ನು ತಾಳೆ ಹಾಕಿದಂತೆ. ಪರಿಶೀಲನೆ ವಾರಕ್ಕೊಮ್ಮೆ ಬೇಡ, ತಿಂಗಳಿಗೊಮ್ಮೆ ಸಾಕು ಎನ್ನುವುದೂ ಇದಕ್ಕೇ.

ಆದರೆ ತೂಕ ಅರ್ಧ ಲೆಕ್ಕ ಮಾತ್ರ. ಗುರಿಯನ್ನು ಎಷ್ಟು ದಿನ ಪಾಲಿಸಿದ್ದಳು ಎನ್ನುವುದು ಉಳಿದರ್ಧ. ನನಗೆ ಸಿಟ್ಟು ಬಂದದ್ದು ಇಲ್ಲಿ, ಆ ಹುಡುಗ ಅದನ್ನು ಕೇಳಲೇ ಇಲ್ಲ. 28 ದಿನಗಳಲ್ಲಿ 19 ದಿನ ಅವಳ ಊಟ 1500ರ ಆಸುಪಾಸಿನಲ್ಲಿತ್ತು, ನೂರು ಹೆಚ್ಚು ಅಥವಾ ನೂರು ಕಡಿಮೆ. ಐದು ದಿನ ಮೀರಿತ್ತು. ನಾಲ್ಕು ದಿನ ಖಾಲಿ. ಆ ನಾಲ್ಕೂ ಭಾನುವಾರ. ಭಾನುವಾರ ಅವಳು ಉಪವಾಸವಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ, ಎರಡು ಭಾನುವಾರ ನಮ್ಮ ಮನೆಯಲ್ಲೇ ದೋಸೆ ತಿಂದಿದ್ದಾಳೆ.

ಈಗ ಕೂಡಿಸೋಣ. ವಯಸ್ಸು, ಎತ್ತರ, ಓಡಾಟ ನೋಡಿ ಆ್ಯಪ್ ಅವಳ ದಿನದ ಖರ್ಚು 1900 ಎನ್ನುತ್ತದೆ. ಅಂದರೆ ದಿನಕ್ಕೆ 400 ಕೊರತೆ, ನಾಲ್ಕು ವಾರಕ್ಕೆ ಸುಮಾರು 1.45 ಕಿಲೋ ಇಳಿಯಬೇಕಿತ್ತು. ಇಳಿದದ್ದು ಅದರ ಅರ್ಧ. 0.7 ಕಿಲೋವನ್ನು 7700ರಿಂದ ಗುಣಿಸಿ 28ರಿಂದ ಭಾಗಿಸಿದರೆ ನಿಜವಾದ ಕೊರತೆ ದಿನಕ್ಕೆ 190ರಷ್ಟು. ಹಾಗಾದರೆ ಅವಳು ಸರಾಸರಿ ತಿಂದದ್ದು 1500 ಅಲ್ಲ, 1700. ಆ ಹೆಚ್ಚಳವೆಲ್ಲ ಉಳಿದ ಒಂಬತ್ತು ದಿನಗಳದ್ದೇ ಎಂದುಕೊಂಡರೆ ಆ ದಿನಗಳಲ್ಲಿ ತಲಾ 2150 ತಿಂದಿದ್ದಾಳೆ. 2150 ಹೊಟ್ಟೆಬಾಕತನವೇ? ಒಂದು ಮಸಾಲೆ ದೋಸೆ, ಒಂದು ಮದುವೆ ಊಟ, ಅಷ್ಟೇ.

1500 ಅವಳಿಗೆ ಹೆಚ್ಚಾಯಿತು ಎಂದು ಹೇಳಲು ಅದನ್ನು ಮೊದಲು ಪಾಲಿಸಿರಬೇಕಲ್ಲ! ಒಂಬತ್ತು ದಿನ 1500ಕ್ಕೆ ನಿಲ್ಲಲಾಗದವಳು 1200ಕ್ಕೆ ನಿಲ್ಲುತ್ತಾಳೆಯೇ?

ನಾನು ಹೇಳಿದ್ದು ತಿರುವುಮುರುವು: 1600 ಮಾಡಿಕೋ, ಭಾನುವಾರವೂ ಸೇರಿದಂತೆ. ತಂಗಿ "ಅಕ್ಕ, ನಿನಗೆ ತಲೆ ಕೆಟ್ಟಿದೆಯಾ?" ಎಂದಳು. ಇಲ್ಲ. 28 ದಿನವೂ 1600 ಎಂದರೆ ದಿನಕ್ಕೆ 300 ಕೊರತೆ, ತಿಂಗಳಿಗೆ ಒಂದು ಕಿಲೋಗೂ ಸ್ವಲ್ಪ ಹೆಚ್ಚು. ಅರ್ಧಂಬರ್ಧ ಪಾಲಿಸಿದ 1500 ಕೊಟ್ಟದ್ದು ಏಳುನೂರು ಗ್ರಾಂ.

"ನಮ್ಮ ಅಜ್ಜಿಯರು ಇದೆಲ್ಲ ನೋಡಿದ್ದರೇ?" ಎಂದು ಯಾರಾದರೂ ಬರೆಯುತ್ತೀರಿ, ಗೊತ್ತು. ನಮ್ಮ ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದಳು, ನಾನು ಲಿಫ್ಟ್‌ಗೆ ಕಾಯುತ್ತೇನೆ. 1900 ಮತ್ತು 7700 ಎರಡೂ ಅಂದಾಜು, ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ ಎನ್ನುವ ತಕರಾರು ಮಾತ್ರ ಸರಿ. ಒಗ್ಗರಣೆಯ ಎಣ್ಣೆಯನ್ನು ಯಾರೂ ಬರೆಯುವುದಿಲ್ಲ, ಒಂದು ಟೀ ಚಮಚಕ್ಕೆ ನಲವತ್ತು ಕ್ಯಾಲೊರಿ. ಅಂದಾಜು ಎಂಬ ಕಾರಣಕ್ಕೇ ತಿಂಗಳಿಗೊಮ್ಮೆ ನೋಡಬೇಕಾದದ್ದು. ಹತ್ತರಲ್ಲಿ ಒಂಬತ್ತು ದಿನ ಗುರಿ ಪಾಲಿಸಿ, ಎಣ್ಣೆಯನ್ನೂ ಅಳೆದು, ಆಮೇಲೂ ಸರಾಸರಿ ಕದಲದಿದ್ದರೆ 1900 ಸುಳ್ಳು ಎಂದರ್ಥ. ಆಗ ನೂರೋ ನೂರೈವತ್ತೋ ಕಡಿಮೆ ಮಾಡಿ. ಮುನ್ನೂರಲ್ಲ.

ಇಷ್ಟು ಸಿಟ್ಟು ಏಕೆಂದರೆ ನಾನೂ ಇದೇ ತಪ್ಪು ಮಾಡಿದ್ದೇನೆ. ಮೂರು ವರ್ಷದ ಹಿಂದೆ ಎರಡೇ ತಿಂಗಳಲ್ಲಿ 1500ರಿಂದ 1100ಕ್ಕೆ ಇಳಿದಿದ್ದೆ, ಪ್ರತಿ ಸಲವೂ ಒಂದು ಬೆಳಗಿನ ತೂಕ ನೋಡಿ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ದೀಪ ಹಾಕದೆ, ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆದು ನಿಂತೇ ಕೋಡುಬಳೆ ತಿನ್ನುತ್ತಿದ್ದೆ. ಆ ಕೋಡುಬಳೆ ಯಾವ ಲೆಕ್ಕದಲ್ಲೂ ಇರಲಿಲ್ಲ. ಊರಿನ ಲೆಕ್ಕವೆಲ್ಲ ತಾಳೆ ನೋಡುವವಳು ಎಂಟು ವಾರ ತನ್ನದೇ ಪುಸ್ತಕದಲ್ಲಿ ಸುಳ್ಳು ಬರೆದಳು. ಇವರಿಗೆ ಇಂದೇ ಮೊದಲ ಸಲ ಹೇಳುತ್ತಿದ್ದೇನೆ, ಇದನ್ನು ಓದಿಯೇ ತಿಳಿಯಲಿ.

1200ರ ಹಾಳೆ ತಂಗಿಯ ಫ್ರಿಜ್ ಮೇಲೆ ಇವತ್ತೂ ಇದೆ, ಕಿತ್ತರೆ ಆ ಹುಡುಗನಿಗೆ ಬೇಸರವಾದೀತಂತೆ! ಅದರ ಹಿಂದೆ ಮಗ ಕ್ರಿಕೆಟ್ ಸ್ಕೋರ್ ಬರೆದಿದ್ದಾನೆ. ನಿನ್ನೆ ರಾತ್ರಿ ಮಲಗುವ ಮುನ್ನ ಅವಳಿಂದ ಒಂದು ಚಿತ್ರ ಬಂತು: ಖಾಲಿ ಬಿಟ್ಟಿದ್ದ ಮದುವೆಯ ಭಾನುವಾರವನ್ನು ನೆನಪಿನಿಂದಲೇ ತುಂಬಿಸಿದ್ದಾಳೆ. ಹೋಳಿಗೆ ಎರಡು, ತುಪ್ಪ ಒಂದು ಚಮಚ. ಮೂರು ಎಂದು ನಾನು ತಿದ್ದಿ ಕಳಿಸಿದೆ. ಪಕ್ಕದ ಎಲೆಯಲ್ಲಿ ಕುಳಿತವಳು ನಾನೇ ಅಲ್ಲವೇ.