ಮೂಗಿನ ಮುಂದೆ ಸಾರಿನ ವಿಚಾರಣೆ

ಚಿಂತಾಮಣಿಯ ನಮ್ಮ ಮನೆಯಲ್ಲಿ ಕೊಳವೆಬಾವಿಯ ನೀರನ್ನು ನಂಬುವವರು ಯಾರೂ ಇಲ್ಲ. ಅದರಲ್ಲಿ ಫ್ಲೋರೈಡ್ ಇದೆ, ಅದು ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತಿರುವುದರಿಂದ, ಎಂಬತ್ತು ದಾಟಿದ ನಮ್ಮಮ್ಮ ಕೂಡ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನು ಬರುವವರೆಗೆ ಬಾಯಾರಿಕೊಂಡೇ ಕೂತಿರುತ್ತಾರೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೂಗಿಗೆ ಸಿಗದ ಅಪಾಯವೊಂದನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿರುವ ಇದೇ ಮನೆಯಲ್ಲಿ, ನಿನ್ನೆಯ ಸಾರಿನ ವಿಚಾರಣೆ ಮಾತ್ರ ಇಂದಿಗೂ ಮೂಗಿನ ಮುಂದೆಯೇ ನಡೆಯುತ್ತದೆ. ಆ ಮೂಗು ಐವತ್ತು ವರ್ಷಗಳಿಂದ ನಶ್ಯ ಏರಿಸಿಕೊಂಡು ಬಂದಿರುವ ಮೂಗು ಎಂಬ ಆಕ್ಷೇಪಣೆಯನ್ನು ಪೀಠ ಎಂದೋ ತಳ್ಳಿಹಾಕಿದೆ.

ಕಳೆದ ಅವರೆಕಾಯಿ ಕಾಲದ ಪ್ರಕರಣವಿದು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಐದು ಲೀಟರ್ ಹಿಡಿಯುವ ಪಾತ್ರೆಯ ತುಂಬ ಹಿತುಕಿದ ಬೇಳೆ ಸಾರು ಕುದಿದು ಇಳಿಯಿತು. ತೆಂಗಿನಕಾಯಿ ಧಾರಾಳವಾಗಿ ಬಿದ್ದಿದ್ದ, ಗಟ್ಟಿಯಾದ ಸಾರು. ರಾತ್ರಿ ಊಟಕ್ಕೆ ಬೇಕಾದಷ್ಟನ್ನು ಬೇರೆಯಾಗಿ ಬಿಸಿ ಮಾಡಿಕೊಂಡೆವು. ಉಳಿದದ್ದು ಮುಚ್ಚಳ ಹೊದ್ದು ಕಟ್ಟೆಯ ಮೇಲೆಯೇ ಮಲಗಿತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಮ್ಮಮ್ಮ ಮುಚ್ಚಳ ತೆಗೆದು, ಸೆರಗಿನಲ್ಲಿ ಮೂಗೊರೆಸಿಕೊಂಡು, ಬಗ್ಗಿ ಮೂಸಿ, ತೀರ್ಪು ಕೊಟ್ಟರು.

“ಏನೂ ಆಗಿಲ್ಲ ಕಣೋ. ಹುಳಿ ವಾಸನೆ ಇಲ್ಲ, ನೊರೆ ಇಲ್ಲ. ಮುದ್ದೆಗೆ ಇವತ್ತೇ ಚೆನ್ನಾಗಿರೋದು.”

ಮೈಕ್ರೋಬಯಾಲಜಿ ಓದುತ್ತಿರುವ ಮೊಮ್ಮಗ ತಟ್ಟೆಯನ್ನು ಪಕ್ಕಕ್ಕಿಟ್ಟ. “ಅಜ್ಜೀ, ಹಳಸಿದ ವಾಸನೆ ಬರಿಸೋ ಕ್ರಿಮಿಗಳೇ ಬೇರೆ, ಹೊಟ್ಟೆ ಕೆಡಿಸೋ ಕ್ರಿಮಿಗಳೇ ಬೇರೆ. ವಾಸನೆ ಬಂದರೆ ಚೆಲ್ಲಬೇಕು, ಸರಿ. ಬರಲಿಲ್ಲ ಅಂದರೆ ಚೆನ್ನಾಗಿದೆ ಅಂತ ಅರ್ಥವಲ್ಲ.”

ಶಿಕ್ಷೆ ವಿಧಿಸುವ ಅಧಿಕಾರವುಂಟು, ಖುಲಾಸೆ ಮಾಡುವ ಅಧಿಕಾರವಿಲ್ಲ ಎಂದರೆ ಯಾವ ನ್ಯಾಯಾಧೀಶರು ಒಪ್ಪುತ್ತಾರೆ? “ಕುದಿಸಿದ ಮೇಲೆ ಯಾವ ಕ್ರಿಮಿ ಉಳಿಯತ್ತೋ?” ಎಂದು ಅವರು ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ಸಾರಿನಲ್ಲಿಯೂ ಸಾಯುವುದಿಲ್ಲವೆಂದೂ, ಕುದಿತ ಗಾಳಿಯನ್ನು ಹೊರಹಾಕಿರುವ ಆಳವಾದ ಪಾತ್ರೆಯ ನಡುಭಾಗ ನಿಧಾನವಾಗಿ ಆರುತ್ತ 45 ಡಿಗ್ರಿಯ ಆಸುಪಾಸಿಗೆ ಬಂದಾಗ ಅವು ಮೊಳೆತು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವೆಂದೂ ಮೊಮ್ಮಗ ವಿವರಿಸಿದ. ಚೆನ್ನಾಗಿ ಮತ್ತೆ ಕುದಿಸಿದರೆ ಮೊಳೆತವು ಸಾಯುತ್ತವೆ ಎಂಬುದನ್ನೂ ಅವನು ಮುಚ್ಚಿಡಲಿಲ್ಲ. ನಮ್ಮಮ್ಮ ನನ್ನತ್ತ ಗೆಲುವಿನ ನೋಟ ಬೀರುವಷ್ಟರಲ್ಲಿ ಅವನು ಇನ್ನೊಬ್ಬ ಆರೋಪಿಯನ್ನು ಕಟಕಟೆಗೆ ತಂದ. ಸ್ಟೆಫಿಲೊಕಾಕಸ್ ನಮ್ಮ ಕೈಯಿಂದ ಸೌಟಿಗೆ, ಸೌಟಿನಿಂದ ಆರಿದ ಸಾರಿಗೆ ಇಳಿಯುತ್ತದೆ. ರಾತ್ರಿಯಿಡೀ ಬೆಳೆದು ಅದು ಬಿಡುವ ವಿಷ, ಕ್ರಿಮಿ ಸತ್ತರೂ, ಒಲೆಯ ಕುದಿತಕ್ಕೆ ಜಗ್ಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಸಾರು ಮಾತ್ರ ಮೊದಲಿನಂತೆಯೇ ಘಮಘಮಿಸುತ್ತಿರುತ್ತದೆ.

“ಕೊಳವೆಬಾವಿ ನೀರನ್ನ ಮೂಸಿ ಕುಡೀತೀಯಾ ಅಜ್ಜೀ?”

“ಅದಕ್ಕೆ ಸರ್ಕಾರದೋರು ಬೋರ್ಡ್ ಹಾಕವ್ರೆ. ಸಾರಿಗೆ ಯಾರು ಹಾಕವ್ರೆ?”

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿರಲಿಲ್ಲ. ಹುಡುಗನೂ ಸಾಚಾ ಅಲ್ಲ ಎಂಬುದನ್ನು ಅವನ ತಂದೆಯಾಗಿ ನಾನಿಲ್ಲಿ ದಾಖಲಿಸಬೇಕು. ಅದಕ್ಕೂ ಹಿಂದಿನ ವಾರ ರಾತ್ರಿ ಹತ್ತಕ್ಕೆ ಹೋದ ಕರೆಂಟು ಬೆಳಿಗ್ಗೆ ಆರಕ್ಕೆ ಬಂದಿದ್ದರೂ, ಫ್ರಿಜ್ಜಿನೊಳಗಿತ್ತು ಎಂಬ ಒಂದೇ ಕಾರಣಕ್ಕೆ ಅವನು ಕೋಳಿಸಾರನ್ನು ಮರುಮಾತಿಲ್ಲದೆ ಉಂಡಿದ್ದ. ಮುಚ್ಚಿದ ಬಾಗಿಲಿನ ಫ್ರಿಜ್ಜು ಕರೆಂಟಿಲ್ಲದೆ ನಾಲ್ಕು ಗಂಟೆ ತಣ್ಣಗಿದ್ದರೆ ಹೆಚ್ಚು. ಅಜ್ಜಿಗೆ ಮೂಗು ಹೇಗೋ, ಮೊಮ್ಮಗನಿಗೆ ಫ್ರಿಜ್ಜಿನ ಬಾಗಿಲು ಹಾಗೆ.

ಕೊನೆಗೆ ನಮ್ಮಮ್ಮ ರಾಜಿಸೂತ್ರ ಮುಂದಿಟ್ಟರು: “ನೀನು ತಿನ್ನಬೇಡ ಬಿಡು, ಪಾತ್ರೆ ತಿಕ್ಕೋಳಿಗೆ ಕೊಡ್ತೀನಿ.” ಮನೆಮಂದಿಗೆ ಅನುಮಾನ ಬಂದ ಅಡಿಗೆ ಕೆಲಸದವರಿಗೆ ದಾನವಾಗಿ ಹೋಗುವುದು ಎಷ್ಟು ಹಳೆಯ ಪದ್ಧತಿಯೆಂದರೆ, ಅವರ ಹೊಟ್ಟೆಗೆ ಬೇರೆ ಕಾನೂನಿದೆಯೆಂದೇ ನಾವೆಲ್ಲ ನಂಬಿದ್ದೇವೆ. ಮೊಮ್ಮಗ ಒಂದೂ ಮಾತಾಡದೆ ಪಾತ್ರೆ ಎತ್ತಿಕೊಂಡ.

ಆ ಮಧ್ಯಾಹ್ನ ಮಾಡಿದ ಹೊಸ ಸಾರನ್ನು ಅವನೇ ಮೂರು ಅಗಲ ಪಾತ್ರೆಗಳಿಗೆ ಬೆರಳೆರಡು ಆಳಕ್ಕೆ ಹಂಚಿ, ಕೊಳವೆಬಾವಿಯ ತಣ್ಣೀರು ತುಂಬಿದ ಬೋಗುಣಿಯಲ್ಲಿಟ್ಟು, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದ. ಫ್ಲೋರೈಡ್ ನೀರಿಗೂ ಒಂದು ಉಪಯೋಗ ಸಿಕ್ಕಿತೆಂದು ನಮ್ಮಮ್ಮ ಒಪ್ಪಿಕೊಂಡರು, ಆದರೆ ಒಳಗಿಡುವ ಮುನ್ನ ಮೂರನ್ನೂ ಒಂದೊಂದಾಗಿ ಮೂಸಿಯೇ ಬಿಟ್ಟರು.

ಹಳೆಯ ಸಾರಿನ ಕಥೆ ಅಷ್ಟರಲ್ಲಿ ಹಿತ್ತಲಿನ ತಿಪ್ಪೆಯ ಬಳಿ ಮುಗಿದಿತ್ತು. ಅಲ್ಲಿ ಪಾತ್ರೆ ಬಗ್ಗಿಸುವ ಮುನ್ನ ಹುಡುಗ ಅತ್ತಿತ್ತ ನೋಡಿ, ಮುಚ್ಚಳ ಸರಿಸಿ, ತಾನೂ ಒಮ್ಮೆ ಮೂಸಿದ್ದನ್ನು ನಾನು ಕಿಟಕಿಯಿಂದ ಕಂಡೆ. ಘಮ್ಮೆಂದಿರಬೇಕು, ಸುರಿಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.