ಹತ್ತು ಅಂದ್ರೆ ಹತ್ತೇ

ಮಗನನ್ನು ಮೊದಲ ಸಲ ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಅವನಿಗೆ ಐದು ವರ್ಷ. ಆಟಿಸಂ ಇದೆ, ಮಾತು ಕಡಿಮೆ. ನಾನು ಕೈ ಹಿಡಿದೆ, ನರ್ಸ್ ತಲೆ ಹಿಡಿದರು, "ಎರಡೇ ನಿಮಿಷ" ಅಂದರು. ಬಾಯಿ ನೋಡಿದ್ದೇನೋ ಆಯ್ತು. ಆದರೆ ಅವತ್ತಿನಿಂದ ನಾಲ್ಕು ತಿಂಗಳು ಮನೆಯಲ್ಲಿ ಬ್ರಷ್ ಕೂಡ ಬಾಯಿ ಹತ್ತಿರ ಸೇರಿಸಲಿಲ್ಲ.

"ಹಠಮಾರಿ" ಅಂದವರಿದ್ದಾರೆ. ಹಠ ಅಲ್ಲ ಅದು. ತಲೆ ಮೇಲೆ ಕಣ್ಣಿಗೆ ಹೊಡೆಯುವ ಲೈಟು, ಇದ್ದಕ್ಕಿದ್ದಂತೆ ಹಿಂದಕ್ಕೆ ಬೀಳುವ ಕುರ್ಚಿ, ಗ್ಲೌಸಿನ ರಬ್ಬರ್ ವಾಸನೆ, ಎಂಜಲು ಎಳೆಯುವ ಪೈಪಿನ ಸದ್ದು, ಎಲ್ಲ ಒಟ್ಟಿಗೆ. ಜೊತೆಗೆ ಇದು ಯಾವಾಗ ಮುಗಿಯುತ್ತೆ ಅಂತ ಗೊತ್ತಿಲ್ಲ. ನನ್ನ ಮಗನಿಗೆ ಜಾಸ್ತಿ ಹಿಂಸೆ ಈ ಕೊನೆಯದ್ದೇ.

ಎರಡನೇ ಡಾಕ್ಟರ್ ಇದನ್ನು ಅರ್ಥ ಮಾಡಿಕೊಂಡರು. "ಎಣಿಸೋಣ. ಎಣಿಕೆ ಮುಗಿದ ತಕ್ಷಣ ಕೈ ತೆಗೆಯೋಣ, ಕೆಲಸ ಅರ್ಧ ಆಗಿದ್ದರೂ ಸರಿ" ಅಂದರು. ಇಷ್ಟೇ ವಿಷಯ, ಆದರೆ ನಮ್ಮ ಮನೆಯಲ್ಲಿ ಎಲ್ಲ ನಿಂತಿರುವುದು ಇದರ ಮೇಲೆಯೇ.

ಮನೆಯಲ್ಲಿ ಶುರು ಮಾಡಿದ್ದು ಕೆನ್ನೆಯಿಂದ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂತು, ಕೆನ್ನೆಗೆ ಬೆರಳು ಇಟ್ಟು ಮೂರು ಎಣಿಸೋದು, ಬಿಡೋದು. ಆಮೇಲೆ ತುಟಿ. ಆಮೇಲೆ ಪೇಸ್ಟ್ ಇಲ್ಲದ ಒದ್ದೆ ಬ್ರಷ್ ಮುಂದಿನ ಹಲ್ಲಿಗೆ, ಐದು ಎಣಿಕೆ. ಪುದೀನ ಪೇಸ್ಟಿನ ಖಾರ, ನೊರೆ ಎರಡೂ ಅವನಿಗೆ ಆಗಲ್ಲ. ಹಾಗಾಗಿ ರುಚಿ ಇಲ್ಲದ, ನೊರೆ ಬರದ ಫ್ಲೋರೈಡ್ ಪೇಸ್ಟ್ ಹುಡುಕಿ, ಬಟಾಣಿ ಕಾಳಿನಷ್ಟು ಹಾಕುವ ಮಟ್ಟಕ್ಕೆ ನಿಧಾನವಾಗಿ ಬಂದೆವು. ಕೊನೆಗೆ ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗೋದು, ಟಾರ್ಚ್, ಪ್ಲಾಸ್ಟಿಕ್ಕಿನ ಪುಟ್ಟ ಬಾಯಿ ಕನ್ನಡಿ, ಹತ್ತು ಎಣಿಕೆ. ಮೂರು ದಿನ ಸತತವಾಗಿ ಮುಖ ತಿರುಗಿಸದೆ ಇದ್ದರೆ ಮಾತ್ರ ಮುಂದಿನ ಹೆಜ್ಜೆ. ಭುಜ ಮೇಲಕ್ಕೆ ಹೋಯ್ತು, ಕಾಲ್ಬೆರಳು ಮಡಚಿಕೊಂಡ ಅಂದರೆ ಒಂದು ಹೆಜ್ಜೆ ಹಿಂದಕ್ಕೆ. ಅಳೋವರೆಗೂ ಕಾದರೆ ತಡ ಆಗಿರುತ್ತೆ.

ಕೆಡಿಸಿದ್ದು ಯಾರು ಗೊತ್ತಾ? ನಾನೇ. ಒಂದು ದಿನ ಒಳ್ಳೆ ಮೂಡಿನಲ್ಲಿದ್ದ, ಹತ್ತಾದ ಮೇಲೂ ಹಿಂದಿನ ದವಡೆ ಒಂದು ಸಲ ಉಜ್ಜಿಬಿಡೋಣ ಅಂತ ಹನ್ನೊಂದು, ಹನ್ನೆರಡು ಅಂತ ಎಣಿಸಿಬಿಟ್ಟೆ. ಮಾರನೇ ದಿನ ನಾನು "ಒಂದು" ಅನ್ನುವಷ್ಟರಲ್ಲೇ ಎದ್ದು ಹೋದ. ಮತ್ತೆ ಕೆನ್ನೆಯಿಂದ, ಮೂರು ವಾರ.

ಕ್ಲಿನಿಕ್ಕಿಗೂ ಹೀಗೇ ಹೋದೆವು. ಮುಂಚೆಯೇ ಫೋನ್ ಮಾಡಿ ದಿನದ ಮೊದಲ ಅಪಾಯಿಂಟ್‌ಮೆಂಟ್ ಕೇಳಿದೆ, ಕಾಯೋದು ಇರಬಾರದು ಅಂತ. ಬಾಗಿಲು, ಕುರ್ಚಿ, ಮಾಸ್ಕ್ ಹಾಕಿದ ಡಾಕ್ಟರ್, ಈ ಫೋಟೋಗಳನ್ನು ಹೋಗುವ ಕ್ರಮದಲ್ಲೇ ಅಂಟಿಸಿ ವಾರ ಪೂರ್ತಿ ತೋರಿಸಿದೆ. ಕೊನೇ ಫೋಟೋ ನಮ್ಮ ಮನೆ ಬಾಗಿಲು. ಮೊದಲ ಭೇಟಿಯಲ್ಲಿ ಕುರ್ಚಿ ಮೇಲೆ ಕೂತು ಬಂದಿದ್ದಷ್ಟೇ. ಎರಡನೆಯದರಲ್ಲಿ ಕುರ್ಚಿಯನ್ನು ಮೊದಲೇ ಮಲಗಿಸಿಟ್ಟಿದ್ದರು, ಅವನೇ ಹತ್ತಿ ಮಲಗಿದ, ತಂಪು ಕನ್ನಡಕ ಹಾಕಿಕೊಂಡು. ಮೂರನೆಯದರಲ್ಲಿ ಕನ್ನಡಿ, ಹತ್ತು ಎಣಿಕೆ, ಕೈ ತೆಗೆದರು. ಆಮೇಲೆ ಇನ್ನೊಂದು ಹತ್ತು, ಅವನೇ ಬಾಯಿ ತೆಗೆದ!

ಆಗ ಕಂಡಿದ್ದು ಎರಡು ದವಡೆ ಹಾಲುಹಲ್ಲಿನಲ್ಲಿ ಹುಳುಕು. ಡ್ರಿಲ್ ಸದ್ದೇ ಇಲ್ಲ. ಡಾಕ್ಟರ್ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ ಒಂದು ದ್ರವ ಸಣ್ಣ ಬ್ರಷ್ಷಿನಲ್ಲಿ ಹಚ್ಚಿದರು. ಹುಳುಕು ಮುಂದುವರಿಯದಂತೆ ತಡೆಯುತ್ತೆ. ಆದರೆ ಹುಳುಕಿನ ಜಾಗ ಕಪ್ಪಾಗುತ್ತೆ, ತೂತು ತುಂಬಲ್ಲ, ಮತ್ತೆ ಹಚ್ಚಿಸಬೇಕಾಗುತ್ತೆ. ನರದವರೆಗೆ ಹೋಗಿದ್ದರೆ ಇದು ಸಾಲದು. ನೆಂಟರು ಕಪ್ಪು ಹಲ್ಲು ನೋಡಿ "ಅಯ್ಯೋ" ಅಂತಾರೆ, ಅನ್ನಲಿ ಬಿಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಈ ನಿಧಾನದ ದಾರಿ ನೋವಿಲ್ಲದ ಹಲ್ಲಿಗೆ. ಮಗು ಹಲ್ಲು ನೋವು ಅಂತ ಹೇಳದೆ ಇರಬಹುದು. ಒಂದೇ ಕಡೆ ಅಗಿಯೋದು, ಇಷ್ಟದ ತಿಂಡಿ ಬೇಡ ಅನ್ನೋದು, ರಾತ್ರಿ ಎದ್ದು ಕೆನ್ನೆಗೆ ಹೊಡೆದುಕೊಳ್ಳೋದು ಹೊಸದಾಗಿ ಶುರುವಾದರೆ ಬಾಯಿ ನೋಡಿಸಿ. ಮುಖ ಊದಿದ್ದರೆ, ಜ್ವರ ಇದ್ದರೆ ಅವತ್ತೇ ಹೋಗಬೇಕು. ಅಂಥ ಹೊತ್ತಲ್ಲಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಿಸಬೇಕಾಗಿ ಬಂದರೆ ಅದು ನಿಮ್ಮ ಸೋಲು ಅಂದುಕೊಳ್ಳಬೇಡಿ. ಕೈಕಾಲು ಹಿಡಿದು ಮಾಡಿಸೋದಕ್ಕಿಂತ ಸಾವಿರ ಪಾಲು ವಾಸಿ, ಇದು ನನ್ನ ಅಭಿಪ್ರಾಯ.

ನಾವೀಗ ಹಲ್ಲು ಪಾಲಿಶ್ ಮಾಡುವ ತಿರುಗೋ ಬ್ರಷ್ಷಿನ ಸದ್ದಿನ ಹತ್ತಿರ ನಿಂತಿದ್ದೇವೆ. ರೆಕಾರ್ಡಿಂಗ್ ಅನ್ನು ಪಕ್ಕದ ರೂಮಿನಲ್ಲಿ ಸಣ್ಣಗೆ ಹಾಕಿದರೆ ಆಟ ಆಡ್ತಾ ಇರ್ತಾನೆ. ಇದೇ ರೂಮಿಗೆ ತಂದರೆ ಕಿವಿ ಮುಚ್ಚಿಕೊಳ್ತಾನೆ. ಹಾಗಾಗಿ ಫೋನು ಈ ವಾರವೂ ಪಕ್ಕದ ರೂಮಿನಲ್ಲೇ.