ಸತ್ಯಾಂಶ: ಗಾಯ ಇಲ್ಲದವರೂ ನಿರಾಶ್ರಿತರಾಗಬಹುದೇ?

“ಮೈಮೇಲೆ ಗಾಯ ತೋರಿಸಿದವರಿಗಷ್ಟೇ ನಿರಾಶ್ರಿತರ ಸ್ಥಾನ ಸಿಗೋದು. ಭಯ ಅಂದ್ರೆ ವಾಪಸ್ ಕಳಿಸ್ತಾರೆ.”

ಹಾಗಲ್ಲ. 1951ರ ನಿರಾಶ್ರಿತರ ಒಪ್ಪಂದ ನೋಡುವುದು ಮುಂದಿನದನ್ನು: ವಾಪಸ್ ಹೋದರೆ ಏನಾಗಬಹುದು? ಹಿಂದೆ ಪೆಟ್ಟು ತಿಂದಿದ್ದರೆ ಅದು ಬಲವಾದ ಪುರಾವೆ, ಕಡ್ಡಾಯವಲ್ಲ. ಶೇ 10ರಷ್ಟು ಸಾಧ್ಯತೆ ಇದ್ದರೂ ಭಯಕ್ಕೆ ಆಧಾರ ಇರಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು.

ಆದರೆ ಕಾರಣವೂ ಬೇಕು: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ‘ನಿರ್ದಿಷ್ಟ ಸಾಮಾಜಿಕ ಗುಂಪು’. ಗೊಂದಲ ಜಾಸ್ತಿ ಈ ಕೊನೆಯದರಲ್ಲೇ.

1999ರಲ್ಲಿ, ಆಗ ಬ್ರಿಟನ್‌ನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಪಾಕಿಸ್ತಾನದ ಇಬ್ಬರು ಹೆಂಗಸರ ಪ್ರಕರಣ ಬಂತು. ಗಂಡಂದಿರು ಅವರನ್ನು ಮನೆಯಿಂದ ಹೊರಹಾಕಿದ್ದರು. ವಾಪಸ್ ಹೋದರೆ ವ್ಯಭಿಚಾರದ ಆರೋಪ ಹೊರಬೇಕಾದ ಭಯ. ಇದು ಮನೆಜಗಳ ಅಲ್ವಾ ಅನ್ನಿಸಬಹುದು. ಆದರೆ ಹೆಂಗಸರೆಂಬ ಕಾರಣಕ್ಕೇ ಅಲ್ಲಿನ ಸರ್ಕಾರ ಅವರಿಗೆ ರಕ್ಷಣೆ ಕೊಡುತ್ತಿರಲಿಲ್ಲ. ಹಾಗಾಗಿ ಪಾಕಿಸ್ತಾನದ ಹೆಂಗಸರೇ ಒಂದು ಗುಂಪು ಎಂದು ಬಹುಮತದ ತೀರ್ಪು ಬಂತು.

ಒಂದು ಮಿತಿ ಇದೆ. ‘ಹಿಂಸೆಗೆ ಒಳಗಾಗುವವರು’ ಎಂದಷ್ಟೇ ಹೇಳಿ ಗುಂಪು ಕಟ್ಟಲಾಗದು. ಹಿಂಸೆಯನ್ನು ಬದಿಗಿಟ್ಟರೂ ಅವರನ್ನು ಜೋಡಿಸುವ ಗುಣ ಉಳಿಯಬೇಕು: ಲಿಂಗ, ಕುಟುಂಬ, ಬದಲಾಯಿಸಲಾಗದ ಹಿನ್ನೆಲೆ.